ಇಂಡೆಕ್ಸ್ ಇದ್ದರೂ ಡೇಟಾಬೇಸ್ ಅದನ್ನು ಮುಟ್ಟುವುದಿಲ್ಲ, ಯಾಕೆ?

ಒಂದು ಬ್ಯಾಂಕಿನ ವಹಿವಾಟುಗಳ ಟೇಬಲ್ ಇದೆ ಎಂದುಕೊಳ್ಳಿ. ಒಂದು ಕೋಟಿ ಸಾಲು, ಸಾಲಿಗೆ 100 ಬೈಟ್, ಒಟ್ಟು 1 ಜಿಬಿ. ಹಾಸನ ಶಾಖೆಯ 10,000 ವಹಿವಾಟುಗಳಷ್ಟೇ ಬೇಕು. ಶಾಖೆಯ ಹೆಸರಿಗೆ ಇಂಡೆಕ್ಸ್ ಕೂಡ ಇದೆ. ಆದರೂ ಡೇಟಾಬೇಸ್ ಆ ಇಂಡೆಕ್ಸನ್ನು ಬದಿಗಿಟ್ಟು ಇಡೀ ಟೇಬಲನ್ನೇ ಓದಲು ಹೊರಡುತ್ತದೆ. ಮೇಲ್ನೋಟಕ್ಕೆ ಪೆದ್ದುತನ. ಆದರೆ ಲೆಕ್ಕ ಹಾಕಿದರೆ ಅದರದ್ದೇ ಸರಿ.

ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ಸುತ್ತುತ್ತಿರುತ್ತವೆ, ಅವುಗಳ ಮೇಲೆ ಗ್ರಾಮಫೋನಿನ ಮುಳ್ಳಿನಂತೆ ಒಂದು ತೋಳು ಆಚೀಚೆ ಸರಿಯುತ್ತದೆ. ಬೇಕಾದ ಪಥಕ್ಕೆ ತೋಳು ಸರಿದು ನಿಲ್ಲುವುದು ಸೀಕ್. ಇದಕ್ಕೆ ಸರಾಸರಿ 9 ಮಿಲಿಸೆಕೆಂಡ್ ಬೇಕು. ಆಮೇಲೆ, ಬೇಕಾದ ಭಾಗ ಸುತ್ತಿಕೊಂಡು ತೋಳಿನ ಕೆಳಗೆ ಬರುವವರೆಗೆ ಕಾಯಬೇಕು. ನಿಮಿಷಕ್ಕೆ 7200 ಸುತ್ತು ಹಾಕುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್, ಹಾಗಾಗಿ ಸರಾಸರಿ ಕಾಯುವಿಕೆ ಅದರ ಅರ್ಧ, ಸುಮಾರು 4. ಕೊನೆಗೆ ನಿಜವಾದ ಓದು: ಸೆಕೆಂಡಿಗೆ 150 ಎಂಬಿ ವೇಗದಲ್ಲಿ 8 ಕೆಬಿಯ ಒಂದು ಪುಟಕ್ಕೆ 0.05 ಮಿಲಿಸೆಕೆಂಡ್.

ಅಂದರೆ 13 ಮಿಲಿಸೆಕೆಂಡಿನಲ್ಲಿ ಬಹುಪಾಲು ಹೋಗುವುದು ಜಾಗ ತಲುಪುವುದಕ್ಕೇ. ಓದಿಗೆ ಹೋಗುವುದು ಚೂರು.

ಈಗ ಹಾಸನಕ್ಕೆ ಬನ್ನಿ. ವಹಿವಾಟುಗಳು ದಿನಾಂಕದ ಕ್ರಮದಲ್ಲಿ ಬರೆದವು; ಹಾಸನದ ಸಾಲುಗಳು ಡಿಸ್ಕಿನ ತುಂಬ ಚದುರಿವೆ. ಇಂಡೆಕ್ಸ್ ತೋರಿಸಿದಂತೆ ಒಂದೊಂದನ್ನೇ ಹುಡುಕಿ ಹೋದರೆ 10,000 ಸಲ 13 ಮಿಲಿಸೆಕೆಂಡ್, ಎರಡು ನಿಮಿಷ ದಾಟುತ್ತದೆ. ಇಡೀ ಟೇಬಲನ್ನು ಸಾಲಾಗಿ ಓದಿ, ಬೇಡದ್ದನ್ನು ಬಿಸಾಡಿದರೆ? ತೋಳು ಹೆಚ್ಚು ಅಲೆಯುವುದಿಲ್ಲ, ಏಳು ಸೆಕೆಂಡಿಗೆ ಮುಗಿಯುತ್ತದೆ. ಈ ಲೆಕ್ಕದಲ್ಲಿ ಇಂಡೆಕ್ಸ್ ಗೆಲ್ಲುವುದು ಸುಮಾರು 500 ಸಾಲಿನವರೆಗೆ ಮಾತ್ರ. ಒಂದೇ ಖಾತೆಯ 20 ವಹಿವಾಟು ಬೇಕಿದ್ದರೆ ಅದು ಅರೆ ಸೆಕೆಂಡೂ ತೆಗೆದುಕೊಳ್ಳುವುದಿಲ್ಲ.

ಸಾಲುಗಳನ್ನು ಶಾಖೆವಾರು ಒಟ್ಟಿಗೆ ಜೋಡಿಸಿಟ್ಟರೆ ಕಥೆಯೇ ಬೇರೆ: ಹತ್ತು ಸಾವಿರವೂ ಅಕ್ಕಪಕ್ಕದ ನೂರಿಪ್ಪತ್ತು ಚಿಲ್ಲರೆ ಪುಟಗಳಲ್ಲಿ ಸಿಗುತ್ತವೆ. ಆದರೆ ಟೇಬಲನ್ನು ಜೋಡಿಸಲು ಬರುವುದು ಒಂದೇ ಕ್ರಮದಲ್ಲಿ. ಯಾವ ಕ್ರಮ ಎಂಬುದನ್ನು ವಿನ್ಯಾಸ ಮಾಡುವವರು ಮೊದಲೇ ನಿರ್ಧರಿಸಬೇಕು, ಶಾಖೆಗೆ ಒಲಿದರೆ ದಿನಾಂಕದವರಿಗೆ ಕಷ್ಟ.

ಪೋಸ್ಟ್‌ಗ್ರೆಸ್ ಯಾವ ದಾರಿ ಹಿಡಿದಿದೆ ಎಂದು ತಿಳಿಯಲು ಪ್ರಶ್ನೆಯ ಮುಂದೆ `EXPLAIN` ಸೇರಿಸಿದರಾಯಿತು. `Seq Scan` ಎಂದರೆ ಇಡೀ ಟೇಬಲ್, `Index Scan` ಎಂದರೆ ಇಂಡೆಕ್ಸ್. ಈ ತೀರ್ಮಾನದ ಹಿಂದೆ `random_page_cost` ಎಂಬ ಸಂಖ್ಯೆ ಇದೆ. ಅದರ ಮೂಲ ಬೆಲೆ 4, ಸಾಲಾಗಿ ಓದುವುದರ ಬೆಲೆ 1. ಬಹಳಷ್ಟು ಪುಟಗಳು ಆಗಲೇ ಮೆಮೊರಿಯಲ್ಲಿ ಇರುತ್ತವೆಂಬ ಊಹೆಯಿಂದ ಅದನ್ನು ಇಷ್ಟು ಕಡಿಮೆ ಇಟ್ಟಿದ್ದಾರೆ.

ಎಸ್‌ಎಸ್‌ಡಿಯಲ್ಲಿ ತೋಳೂ ಇಲ್ಲ, ತಟ್ಟೆಯೂ ಇಲ್ಲ. ಎಲ್ಲಿಂದ ಓದಿದರೂ ಹೆಚ್ಚುಕಡಿಮೆ 0.1 ಮಿಲಿಸೆಕೆಂಡ್. ಆದರೆ ಯಂತ್ರ ಬದಲಿಸಿದವರು ಈ ಸಂಖ್ಯೆಯನ್ನು ಬದಲಿಸದಿದ್ದರೆ, ಡೇಟಾಬೇಸ್ ಇಲ್ಲದ ತಟ್ಟೆಯ ಸುತ್ತಿಗೂ ಬೆಲೆ ಕಟ್ಟುತ್ತಲೇ ಇರುತ್ತದೆ. ಅಂಥಲ್ಲಿ ಅನೇಕರು ಇದನ್ನು 1.1ಕ್ಕೆ ಇಳಿಸಿ, ಮತ್ತೊಮ್ಮೆ `EXPLAIN` ನೋಡುತ್ತಾರೆ.