ಸ್ಟೋರೇಜ್ ಫುಲ್ ಎಂದು ಬಂತಾ? ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ನೋಡಿ

"ನಿಮ್ಮ ಸ್ಟೋರೇಜ್ ತುಂಬಿದೆ, ಹೆಚ್ಚಿನ ಜಾಗ ಖರೀದಿಸಿ" ಎಂಬ ಮೆಸೇಜ್ ಗೂಗಲ್‌ನಿಂದ ಬಂದ ಕೂಡಲೇ ಕೆಲವರು ದುಡ್ಡು ಕಟ್ಟುತ್ತಾರೆ. ಇನ್ನು ಕೆಲವರು ಸುಮ್ಮನೆ ಬಿಟ್ಟುಬಿಡುತ್ತಾರೆ. ಬಿಟ್ಟರೆ ಜಿಮೇಲ್‌ಗೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಸಗಟು ವ್ಯಾಪಾರಿ ಕಳಿಸಿದ ಬಿಲ್ ವಾಪಸ್ ಹೋದರೂ ಅಂಗಡಿಯವರಿಗೆ ಗೊತ್ತಾಗಲ್ಲ.

ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಇಷ್ಟೇ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಮೊದಲು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ, ಈಗ ಬರುತ್ತದೆ. ಜಾಗ ಏಕಾಏಕಿ ತುಂಬಲು ಎಷ್ಟೋ ಸಲ ಇದೇ ಕಾರಣ.

ಜಾಗ ಎಲ್ಲಿ ಹೋಗಿದೆ ಎಂದು ನೋಡಲು ಬ್ರೌಸರ್‌ನಲ್ಲಿ one.google.com/storage ತೆರೆಯಿರಿ. ಯಾವುದು ಎಷ್ಟು ಜಾಗ ತಿಂದಿದೆ ಎಂಬ ಲೆಕ್ಕ ಅಲ್ಲೇ ಸಿಗುತ್ತದೆ.

ಒಂದು ಬಟ್ಟೆ ಅಂಗಡಿಯ ಉದಾಹರಣೆ ತೆಗೆದುಕೊಳ್ಳೋಣ. ಫೋಟೋಗಳೇ ಜಾಗ ತುಂಬಿಸಿವೆ ಎಂದು ಮಾಲೀಕರ ಅನುಮಾನ. ತೆರೆದು ನೋಡಿದರೆ ಫೋಟೋಸ್ 4.6 ಜಿಬಿ, ಜಿಮೇಲ್ 1.7, ಡ್ರೈವ್ 0.9. ವಾಟ್ಸಾಪ್ ಬ್ಯಾಕಪ್ ಒಂದೇ 7.8 ಜಿಬಿ! ಗಿರಾಕಿಗಳಿಗೆ ಕಳಿಸಿದ ಸೀರೆ ವಿಡಿಯೋ, ಗ್ರೂಪಿನಲ್ಲಿ ಬಂದ ಗುಡ್ ಮಾರ್ನಿಂಗ್ ವಿಡಿಯೋ ಎಲ್ಲವೂ ಅದರಲ್ಲಿವೆ.

ಇಂಥವರು ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್‌ಗೆ ಹೋಗಿ, ವಿಡಿಯೋ ಸೇರಿಸುವ ಆಯ್ಕೆಯನ್ನು ಆಫ್ ಮಾಡಬೇಕು. ಆಮೇಲೆ ಅಲ್ಲೇ ಇನ್ನೊಮ್ಮೆ ಬ್ಯಾಕಪ್ ಕೊಡಬೇಕು. ಹೊಸ ಬ್ಯಾಕಪ್ ಮುಗಿಯುವ ತನಕ ಜಾಗ ಕಡಿಮೆಯಾಗಲ್ಲ. ನಮ್ಮ ಉದಾಹರಣೆಯ ಅಂಗಡಿಯಲ್ಲಿ ವಿಡಿಯೋ ಬಿಟ್ಟ ಬ್ಯಾಕಪ್ 2.1 ಜಿಬಿಗೆ ಇಳಿದರೆ, 5.7 ಜಿಬಿ ಖಾಲಿಯಾಯಿತು. ಆದರೆ ಒಂದು ಮಾತು: ನಾಳೆ ಫೋನ್ ಬದಲಿಸಿದಾಗ ಆ ವಿಡಿಯೋಗಳು ಬ್ಯಾಕಪ್‌ನಿಂದ ವಾಪಸ್ ಬರಲ್ಲ. ಬೇಕಾದವನ್ನು ಮೊದಲೇ ಪೆನ್‌ಡ್ರೈವ್‌ಗೋ ಕಂಪ್ಯೂಟರ್‌ಗೋ ಹಾಕಿಟ್ಟುಕೊಳ್ಳಿ.

ನಿಮ್ಮ ಲೆಕ್ಕದಲ್ಲಿ ಡ್ರೈವ್ ದೊಡ್ಡದಾಗಿದ್ದರೆ drive.google.com/drive/quota ತೆರೆಯಿರಿ. ಅತಿ ದೊಡ್ಡ ಫೈಲ್ ಮೇಲೆ, ಚಿಕ್ಕದು ಕೆಳಗೆ ಎಂದು ಸಾಲಾಗಿ ಕಾಣುತ್ತವೆ. ಜಿಮೇಲ್ ದೊಡ್ಡದಾಗಿದ್ದರೆ ಅದರ ಹುಡುಕುವ ಜಾಗದಲ್ಲಿ ಹೀಗೆ ಟೈಪ್ ಮಾಡಿ:

```
larger:10M
```

10 ಎಂಬಿಗಿಂತ ದೊಡ್ಡ ಮೇಲ್‌ಗಳಷ್ಟೇ ಬರುತ್ತವೆ. ಬಿಲ್, ಜಿಎಸ್‌ಟಿ ಕಾಗದಪತ್ರ ಇದ್ದರೆ ಡೌನ್‌ಲೋಡ್ ಮಾಡಿಟ್ಟು ಆಮೇಲೆ ಅಳಿಸಿ.

ಅಳಿಸಿದ ಮೇಲೂ ಜಾಗ ಹಾಗೇ ಇದೆ ಎನ್ನುವವರು ಟ್ರ್ಯಾಶ್ ನೋಡಬೇಕು. ಡ್ರೈವ್ ಮತ್ತು ಜಿಮೇಲ್‌ನಲ್ಲಿ ಅಳಿಸಿದ್ದು 30 ದಿನ ಅಲ್ಲೇ ಕೂತು ಜಾಗ ಹಿಡಿಯುತ್ತದೆ. ಅದನ್ನೂ ಖಾಲಿ ಮಾಡಿದರೆ ಮಾತ್ರ ಲೆಕ್ಕ ಇಳಿಯುತ್ತದೆ.

ಫೋಟೋಸ್ ವಿಷಯದಲ್ಲಿ ಮಾತ್ರ ಹುಷಾರು. ಗೂಗಲ್ ಫೋಟೋಸ್ ಆಪ್‌ನಲ್ಲಿ ಚಿತ್ರ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ. ಕಾಪಿ ಇಟ್ಟುಕೊಂಡೇ ಕೈ ಹಾಕಿ.

ಇಷ್ಟೆಲ್ಲ ಮಾಡಿದ ಮೇಲೂ ಬೇಕಾದ ಫೈಲ್‌ಗಳೇ 15 ಜಿಬಿ ಮೀರಿದ್ದರೆ, ಆಗ ದುಡ್ಡು ಕಟ್ಟಿ ಜಾಗ ತಗೊಳ್ಳಿ.