ಬಸ್ ಸ್ಟ್ಯಾಂಡಿನ ಒಂದು ದೃಶ್ಯ, ಎರಡು ಅಳತೆಯ ಪರದೆ

ಚಿತ್ರಕಥೆಯ ಹಾಳೆಯಲ್ಲಿ ಹೀಗಿದೆ ಎಂದುಕೊಳ್ಳಿ: "ಬೆಳಗಿನ ಹೊತ್ತು. ಹಳ್ಳಿಯ ಬಸ್ ಸ್ಟ್ಯಾಂಡ್. ಕಲ್ಲುಬೆಂಚಿನ ಎಡತುದಿಯಲ್ಲಿ ಅಪ್ಪ, ಬಲತುದಿಯಲ್ಲಿ ಊರು ಬಿಟ್ಟು ಓದಲು ಹೊರಟ ಮಗಳು. ನಡುವೆ ಅವಳ ಚೀಲ. ಮಾತಿಲ್ಲ. ಬಸ್ ಬರುತ್ತದೆ. ಮಗಳು ಹೋಗುತ್ತಾಳೆ."

ಇದನ್ನು ಟಿವಿಗೂ ತೆಗೆಯಬೇಕು, ಫೋನಿನಲ್ಲಿ ನೋಡುವ ರೀಲ್ಸ್‌ಗೂ ತೆಗೆಯಬೇಕು. ಟಿವಿಯ ಅಡ್ಡ ಫ್ರೇಮಿನ ಅಳತೆ 16:9, ಫೋನಿನ ಲಂಬ ಫ್ರೇಮಿನದು 9:16. ಅಡ್ಡಲಾಗಿ ತೆಗೆದು ಆಮೇಲೆ ನಡುಭಾಗವನ್ನು ಕತ್ತರಿಸಿಕೊಂಡರಾಯಿತು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಕ್ಯಾಮೆರಾ 4ಕೆ ಆಗಿದ್ದರೆ ಚಿತ್ರದ ಸ್ಪಷ್ಟತೆಗೇನೂ ಕೊರತೆಯಾಗುವುದಿಲ್ಲ. 3840×2160 ಪಿಕ್ಸೆಲ್‌ಗಳ ಚಿತ್ರದಿಂದ 1215×2160ರ ಲಂಬ ಪಟ್ಟಿ ಸಿಗುತ್ತದೆ, ರೀಲ್ಸ್‌ಗೆ ಬೇಕಾದದ್ದು 1080×1920 ಮಾತ್ರ. ಆದರೆ ಹಾಗೆ ಸಿಕ್ಕ ಪಟ್ಟಿ ಮೂಲ ಚಿತ್ರದ ಅಗಲದಲ್ಲಿ ಮೂರನೇ ಒಂದು ಪಾಲೂ ಇಲ್ಲ. ನಮ್ಮ ದೃಶ್ಯದ ನಡುಭಾಗವನ್ನು ಕತ್ತರಿಸಿದರೆ ಅಪ್ಪನೂ ಇಲ್ಲ, ಮಗಳೂ ಇಲ್ಲ, ಉಳಿಯುವುದು ಚೀಲವೊಂದೇ.

ಸರಿ, ಫೋನನ್ನು ನೆಟ್ಟಗೆ ಹಿಡಿದು, ಇಬ್ಬರೂ ಕಾಣುವಷ್ಟು ಹಿಂದೆ ಸರಿದು ತೆಗೆದರೆ? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಬೆಂಚಿನ ಎರಡು ತುದಿಯಲ್ಲಿ ಕೂತ ಇಬ್ಬರನ್ನು ಹಿಡಿಯಲು ಸುಮಾರು ಎರಡೂವರೆ ಮೀಟರ್ ಅಗಲ ಬೇಕು. ಅಡ್ಡ ಫ್ರೇಮಿನಲ್ಲಿ ಅಷ್ಟು ಅಗಲಕ್ಕೆ 1.4 ಮೀಟರ್ ಎತ್ತರ ಬರುತ್ತದೆ. ಬೆಂಚಿನ ಮೇಲೆ ಕೂತವರ ಎತ್ತರ ನೆಲದಿಂದ ಸುಮಾರು ಒಂದೂಕಾಲು ಮೀಟರ್, ಹಾಗಾಗಿ ಇಬ್ಬರೂ ಫ್ರೇಮನ್ನು ತುಂಬಿಕೊಳ್ಳುತ್ತಾರೆ. ಲಂಬ ಫ್ರೇಮಿನಲ್ಲಿ ಅದೇ ಅಗಲ ಹಿಡಿದರೆ ಎತ್ತರ 4.4 ಮೀಟರಿಗೆ ಹೋಗುತ್ತದೆ. ಕೂತವರು ಅದರಲ್ಲಿ ಮೂರನೇ ಒಂದು ಪಾಲಿಗೂ ಕಡಿಮೆ. ಏಳು ಸೆಂಟಿಮೀಟರ್ ಅಗಲದ ಫೋನಿನಲ್ಲಿ ಅವರ ಮುಖ ಸುಮಾರು ಆರು ಮಿಲಿಮೀಟರ್ ಆಗುತ್ತದೆ. ಆ ಮುಖದಲ್ಲಿ ಸಂಕಟ ಕಾಣುವುದು ಹೋಗಲಿ, ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂಬುದೇ ತಿಳಿಯುವುದಿಲ್ಲ. ಮೇಲೆ ಉಳಿದ ಜಾಗದಲ್ಲಿ ದೊಡ್ಡ ಅರಳಿ ಮರವಿದ್ದರೆ ಚಿತ್ರ ಚೆಂದವೇ ಕಾಣಬಹುದು. ಆದರೆ ಆಗ ಅದು ಮರದಡಿ ಸಣ್ಣದಾಗಿ ಕೂತ ಇಬ್ಬರ ಕಥೆಯಾಗುತ್ತದೆ. ಅಪ್ಪ ಮಗಳ ನಡುವಿನ ಮೌನದ ಕಥೆಯಾಗಿ ಉಳಿಯುವುದಿಲ್ಲ.

ಇಲ್ಲಿ ಹಾಳೆಗೆ ಮರಳಬೇಕು. ಅದರಲ್ಲಿ ಎರಡು ಬಗೆಯ ಮಾಹಿತಿ ಬೆರೆತಿದೆ. ಇಬ್ಬರ ನಡುವೆ ಅಂತರವಿದೆ, ಮಾತಿಲ್ಲ, ಒಬ್ಬರು ಹೋಗಿ ಒಬ್ಬರು ಉಳಿಯುತ್ತಾರೆ ಎಂಬುದು ದೃಶ್ಯದ ಅರ್ಥ. ಎಡತುದಿ, ಬಲತುದಿ, ನಡುವೆ ಚೀಲ ಎಂಬುದು ಅಡ್ಡ ಫ್ರೇಮಿಗೆಂದು ಮಾಡಿಕೊಂಡ ಜೋಡಣೆ. ಅರ್ಥ ಎರಡೂ ಪರದೆಗೆ ಒಂದೇ. ಜೋಡಣೆಯನ್ನು ಮಾತ್ರ ಬೇರೆ ಬೇರೆ ಬರೆಯಬೇಕು.

ಅಡ್ಡ ಫ್ರೇಮಿಗೆ ಹೀಗೆ ಬರೆಯಬಹುದು. ಕ್ಯಾಮೆರಾ ರಸ್ತೆಯ ಆಚೆ ಬದಿಯಲ್ಲಿ, ಬೆಂಚಿಗೆ ಎದುರಾಗಿದೆ. ತುದಿಗೊಬ್ಬರಂತೆ ಕೂತಿದ್ದಾರೆ, ನಡುವೆ ಚೀಲ. ಹತ್ತು ಹನ್ನೆರಡು ಸೆಕೆಂಡ್ ಏನೂ ಆಗುವುದಿಲ್ಲ. ನೋಡುವವರ ಕಣ್ಣು ಅಪ್ಪನಿಂದ ಮಗಳಿಗೆ, ಮಗಳಿಂದ ಅಪ್ಪನಿಗೆ ತಾನೇ ಓಡಾಡುತ್ತದೆ. ನಮ್ಮಲ್ಲಿ ವಾಹನ ರಸ್ತೆಯ ಎಡಬದಿಯಲ್ಲಿ ಓಡುವುದರಿಂದ ಬಸ್ ಫ್ರೇಮಿನ ಎಡದಿಂದ ಒಳಬಂದು, ಬೆಂಚಿಗೂ ಕ್ಯಾಮೆರಾಕ್ಕೂ ನಡುವೆ ನಿಂತು ಇಬ್ಬರನ್ನೂ ಮರೆಮಾಡುತ್ತದೆ. ಬಾಗಿಲು ಆಚೆ ಬದಿಗಿದೆ, ಬೀಳ್ಕೊಡುಗೆ ನಮಗೆ ಕಾಣುವುದೇ ಇಲ್ಲ. ಬಸ್ ಬಲಕ್ಕೆ ಸರಿದು ಹೋದಾಗ ಎಡತುದಿಯಲ್ಲಿ ಅಪ್ಪ ಕೂತಿದ್ದಾನೆ, ಉಳಿದ ಬೆಂಚು ಖಾಲಿ. ಒಂದೇ ಶಾಟ್, ಒಂದೂ ಕಟ್ ಇಲ್ಲ. ಬಸ್ಸಿನ ಉದ್ದವೂ ಬೆಂಚಿನ ಉದ್ದವೂ ಫ್ರೇಮಿನ ಅಗಲಕ್ಕೆ ಹೊಂದಿಕೊಳ್ಳುವುದರಿಂದ ಇದು ಸಾಧ್ಯ.

ಲಂಬ ಫ್ರೇಮಿನಲ್ಲಿ ಅಗಲವಿಲ್ಲ, ಎತ್ತರವಿದೆ, ಜೊತೆಗೆ ಆಳವನ್ನು ಬಳಸಿಕೊಳ್ಳಬಹುದು. ಹಾಗಾಗಿ ಅಡ್ಡಲಾಗಿದ್ದ ಅಂತರವನ್ನು ಆಳಕ್ಕೆ ತಿರುಗಿಸಬೇಕು. ಕ್ಯಾಮೆರಾ ರಸ್ತೆ ದಾಟಿ ಬೆಂಚಿನ ಬಲತುದಿಗೆ ಬರುತ್ತದೆ, ಬೆಂಚಿನ ಉದ್ದಕ್ಕೇ ನೋಡುತ್ತದೆ. ಮಗಳ ಮುಖ ಹತ್ತಿರದಲ್ಲಿ, ದೊಡ್ಡದಾಗಿ. ಅವಳ ಹಿಂದೆ, ಆ ತುದಿಯಲ್ಲಿ ಅಪ್ಪ ಚಿಕ್ಕದಾಗಿ. ಅವಳ ತಲೆ ಅವನನ್ನು ಮುಚ್ಚದಂತೆ ಕ್ಯಾಮೆರಾವನ್ನು ಸ್ವಲ್ಪ ಎತ್ತರಿಸಿ, ತುಸು ಪಕ್ಕಕ್ಕೆ ಇಟ್ಟರೆ ಅಪ್ಪ ಅವಳ ಭುಜದ ಮೇಲುಗಡೆ ಕಾಣುತ್ತಾನೆ. ಇಬ್ಬರ ನಡುವೆ ಈಗಲೂ ಅದೇ ಎರಡು ಮೀಟರ್ ಇದೆ. ಫೋನ್ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಹತ್ತಿರದ್ದೂ ದೂರದ್ದೂ ಎರಡೂ ಸ್ಪಷ್ಟವಾಗಿಯೇ ಬರುತ್ತವೆ, ಇಲ್ಲಿ ಅದು ಅನುಕೂಲ. ಪೋರ್ಟ್ರೇಟ್ ಮೋಡ್ ಹಾಕಿ ಹಿಂಬದಿಯನ್ನು ಮಸುಕು ಮಾಡಿದರೆ ಅಪ್ಪ ಬರಿಯ ನೆರಳಾಗುತ್ತಾನೆ, ದೃಶ್ಯದಲ್ಲಿ ಒಬ್ಬರೇ ಉಳಿಯುತ್ತಾರೆ.

ಬಸ್ಸಿಗೂ ಇದೇ ನ್ಯಾಯ. ಈ ಫ್ರೇಮಿನಲ್ಲಿ ಅದು ಅಡ್ಡಲಾಗಿ ಹಾದರೆ ಕಿಟಕಿಗಳ ಸಾಲು ಬಿಟ್ಟು ಬೇರೇನೂ ಕಾಣದು. ಈಗಿನ ಜೋಡಣೆಯಲ್ಲಿ ಅದು ಅಪ್ಪನ ಹಿಂದಿನಿಂದ, ಫ್ರೇಮಿನ ಎಡಬದಿಯಲ್ಲಿ, ನಮ್ಮತ್ತಲೇ ದೊಡ್ಡದಾಗುತ್ತ ಬರುತ್ತದೆ. ಅಡ್ಡ ಫ್ರೇಮಿನಲ್ಲಿ ಮರೆಯಾಗಿದ್ದ ಬಾಗಿಲು ಇಲ್ಲಿ ನಮ್ಮ ಕಡೆಗಿದೆ. ಅಗಲಕ್ಕಿಂತ ಎತ್ತರವೇ ಹೆಚ್ಚಿರುವ ಬಾಗಿಲು ಲಂಬ ಫ್ರೇಮಿಗೆ ಅಳತೆ ಕೊಟ್ಟು ಮಾಡಿಸಿದಂತಿದೆ. ಮಗಳು ಮೆಟ್ಟಿಲ ಮೇಲೆ, ಅಪ್ಪ ಕೆಳಗೆ, ಚೀಲ ಕೆಳಗಿನ ಕೈಯಿಂದ ಮೇಲಿನ ಕೈಗೆ ಹೋಗುತ್ತದೆ. ಕೊನೆಗೆ ಮೊದಲಿನ ಜಾಗಕ್ಕೇ ಕ್ಯಾಮೆರಾ ಮರಳಿದರೆ ಮುಂದಿನ ಜಾಗ ಖಾಲಿ, ದೂರದಲ್ಲಿ ಅಪ್ಪ.

ಹಾಗೆಂದು ಇಡೀ ಫ್ರೇಮ್ ನಮ್ಮದಲ್ಲ. ಆ್ಯಪ್‌ನಲ್ಲಿ ಬಲ ಅಂಚಿಗೆ ಲೈಕ್, ಕಾಮೆಂಟ್, ಶೇರ್ ಗುರುತುಗಳು ಬರುತ್ತವೆ. ಕೆಳಗೆ ಖಾತೆಯ ಹೆಸರು, ಬರಹ, ಹಾಡಿನ ಹೆಸರು. ಚೀಲವನ್ನು ಬೆಂಚಿನ ಮೇಲೆಯೇ ಬಿಟ್ಟರೆ ಅದು ಸರಿಯಾಗಿ ಈ ಬರಹದ ಕೆಳಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಈ ಆವೃತ್ತಿಯಲ್ಲಿ ಮಗಳು ಚೀಲವನ್ನು ತೊಡೆಯ ಮೇಲಿಟ್ಟು ಎದೆಗೆ ಒತ್ತಿಕೊಂಡಿರಬೇಕು. ಮುಖಗಳು ಫ್ರೇಮಿನ ಮೇಲರ್ಧದಲ್ಲಿ, ನಡುವಿಗಿಂತ ತುಸು ಎಡಕ್ಕೆ ಇರಲಿ. ಬಲ ಅಂಚಿನಲ್ಲಿ ಬಸ್ ಸ್ಟ್ಯಾಂಡಿನ ಗೋಡೆ ಬಿಟ್ಟರೆ ಬೇರೇನೂ ಬೇಡ.

ಕಾಲದ ಲೆಕ್ಕವೂ ಬೇರೆ. ಹನ್ನೆರಡು ಸೆಕೆಂಡಿನ ಮೌನಕ್ಕೆ ಟಿವಿ ಮುಂದೆ ಕೂತವರು ಕಾಯುತ್ತಾರೆ, ಫೋನಿನ ಮೇಲೆ ಬೆರಳಿಟ್ಟವರು ಕಾಯುವುದಿಲ್ಲ. ಚೀಲದ ಪಟ್ಟಿಯನ್ನು ಸುತ್ತುತ್ತ ಬಿಚ್ಚುತ್ತ ಇರುವ ಮಗಳ ಬೆರಳುಗಳ ಕ್ಲೋಸಪ್‌ನಿಂದ ಶುರುಮಾಡಿದರೆ ಅವರು ನಿಲ್ಲಬಹುದು. ಇದರಲ್ಲಿ ಕಳೆದುಕೊಳ್ಳುವುದೂ ಇದೆ. ಅಡ್ಡ ಫ್ರೇಮಿನಲ್ಲಿ ಇಬ್ಬರೂ ಸಮಾನರು, ಯಾರನ್ನು ನೋಡಬೇಕೆಂಬುದು ನೋಡುಗರ ಇಷ್ಟ. ಲಂಬ ಫ್ರೇಮಿನಲ್ಲಿ ಮುಂದೆ ಕೂತವರದೇ ಕಥೆ. ಅಪ್ಪನ ಕಥೆ ಬೇಕಿದ್ದರೆ ಕ್ಯಾಮೆರಾವನ್ನು ಬೆಂಚಿನ ಇನ್ನೊಂದು ತುದಿಗೆ ಒಯ್ಯಬೇಕು, ಬಸ್ ಆಗ ಕ್ಯಾಮೆರಾದ ಬೆನ್ನ ಹಿಂದಿನಿಂದ ಬರುತ್ತದೆ.

ಫ್ರೇಮಿನ ಆಕಾರ ಹೊಸ ತಕರಾರೇನಲ್ಲ. 1930ರಲ್ಲಿ, ಅಗಲ ಪರದೆಯ ಮಾತು ಜೋರಾಗಿದ್ದಾಗ, ರಷ್ಯಾದ ನಿರ್ದೇಶಕ ಸೆರ್ಗೈ ಐಸೆನ್‌ಸ್ಟೈನ್ ಹಾಲಿವುಡ್‌ನಲ್ಲಿ ಮಾತಾಡುತ್ತ, ಅಡ್ಡಲಾಗಿಯೂ ಲಂಬವಾಗಿಯೂ ಚಿತ್ರ ಕಟ್ಟಲು ಬರುವಂತೆ ಪರದೆ ಚೌಕವಾಗಿರಲಿ ಎಂದು ವಾದಿಸಿದ್ದರು. ಸಿನಿಮಾ ಆ ದಾರಿ ಹಿಡಿಯಲಿಲ್ಲ, 1953ರಿಂದ ಸಿನಿಮಾಸ್ಕೋಪ್ ಅದನ್ನು ಇನ್ನಷ್ಟು ಅಗಲವಾಗಿಸಿತು.

ಎರಡೂ ಆವೃತ್ತಿ ಒಂದೇ ದಿನ ತೆಗೆಯುವುದಿದ್ದರೆ ಹಾಳೆಯ ಮೇಲ್ಭಾಗದಲ್ಲಿ ಅರ್ಥವನ್ನು ಎಡ ಬಲಗಳ ಹಂಗಿಲ್ಲದೆ ಬರೆದುಕೊಂಡು, ಅದರ ಕೆಳಗೆ ಎರಡು ಜೋಡಣೆಗಳನ್ನು ಅಕ್ಕಪಕ್ಕ ಬರೆಯುವುದು ಒಳ್ಳೆಯದು. ಚೀಲ ಬೆಂಚಿನ ಮೇಲೋ ತೊಡೆಯ ಮೇಲೋ ಎಂಬಂಥ ವ್ಯತ್ಯಾಸ ಆಗ ಶೂಟಿಂಗ್‌ಗೆ ಮೊದಲೇ ಕಣ್ಣಿಗೆ ಬೀಳುತ್ತದೆ. ಎಡಿಟಿಂಗ್ ಮೇಜಿನ ಮೇಲೆ ಬಿದ್ದರೆ ಮತ್ತೆ ಬಸ್ ಕರೆಸಬೇಕಾಗುತ್ತದೆ.