ಆಟಕ್ಕೂ ಪ್ರಸಾರಕ್ಕೂ ಒಂದೇ ಕಂಪ್ಯೂಟರ್ ಸಾಕೇ?

ತಾನು ಆಡುವ ಆಟವನ್ನು ಯೂಟ್ಯೂಬಿನಲ್ಲೋ ಟ್ವಿಚ್‌ನಲ್ಲೋ ನೇರಪ್ರಸಾರ ಮಾಡಬೇಕೆಂದು ಹೊರಟವರಿಗೆ ಇಂದಿಗೂ ಸಿಗುವ ಸಲಹೆಗಳಲ್ಲೊಂದು, ‘ಎರಡು ಕಂಪ್ಯೂಟರ್ ಇಟ್ಟುಕೊಳ್ಳಿ’ ಎಂಬುದು. ಒಂದರಲ್ಲಿ ಆಡುವುದು, ಅದರ ಚಿತ್ರವನ್ನು ಕ್ಯಾಪ್ಚರ್ ಕಾರ್ಡಿನಿಂದ ಹಿಡಿದು ಇನ್ನೊಂದರಿಂದ ಕಳಿಸುವುದು. ಹತ್ತು ವರ್ಷಗಳ ಹಿಂದೆ ಈ ಮಾತಿನಲ್ಲಿ ಹುರುಳಿತ್ತು. ಈಗ ಬಹುಪಾಲು ಜನರಿಗೆ ಎರಡನೆಯ ಕಂಪ್ಯೂಟರ್ ಬೇಕಿಲ್ಲ. ಅದು ಏಕೆ ಬೇಕಾಗಿತ್ತು ಎಂದು ತಿಳಿದರೆ, ಈಗ ಏಕೆ ಬೇಡ ಎಂಬುದೂ ತಿಳಿಯುತ್ತದೆ.

ಪ್ರಸಾರದಲ್ಲಿ ನಿಜವಾಗಿ ಭಾರವಾದ ಕೆಲಸ ಚಿತ್ರವನ್ನು ಕುಗ್ಗಿಸುವುದು. 1080ಪಿ ಪರದೆಯ ಒಂದು ಚಿತ್ರದಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. ಅಂಥ 60 ಚಿತ್ರಗಳು ಒಂದೇ ಸೆಕೆಂಡಿನಲ್ಲಿ ಹಾದುಹೋಗುತ್ತವೆ. ಬಣ್ಣದ ವಿವರಗಳನ್ನು ಸ್ವಲ್ಪ ಕಡಿತಗೊಳಿಸಿ ಲೆಕ್ಕ ಹಾಕಿದರೂ ಸೆಕೆಂಡಿಗೆ 149 ಕೋಟಿ ಬಿಟ್‌ಗಳಷ್ಟು ಮಾಹಿತಿಯಾಗುತ್ತದೆ. ಟ್ವಿಚ್‌ಗೆ ಸಾಮಾನ್ಯವಾಗಿ ಕಳಿಸುವುದು ಸೆಕೆಂಡಿಗೆ 60 ಲಕ್ಷ ಬಿಟ್, ಅಂದರೆ 6,000 ಕೆಬಿಪಿಎಸ್. ಹೆಚ್ಚುಕಡಿಮೆ 250ರಲ್ಲಿ ಒಂದು ಪಾಲು ಮಾತ್ರ ಉಳಿಯಬೇಕು. ಇದಕ್ಕಾಗಿ ಪ್ರತಿ ಚಿತ್ರವನ್ನೂ ಅಕ್ಕಪಕ್ಕದ ಚಿತ್ರಗಳೊಂದಿಗೆ ಹೋಲಿಸಿ, ಯಾವ ಭಾಗ ಎತ್ತ ಸರಿಯಿತು, ಎಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಬರೆದಿಡಬೇಕು. ಒಂದು ಚಿತ್ರಕ್ಕೆ ಸಿಗುವ ಸಮಯ ಸೆಕೆಂಡಿನ ಅರವತ್ತನೇ ಒಂದು ಭಾಗ.

ಹಿಂದೆ ಈ ಕೆಲಸವನ್ನು ಸಿಪಿಯು ಮಾಡುತ್ತಿತ್ತು, `x264` ಎಂಬ ತಂತ್ರಾಂಶದ ಮೂಲಕ. ಆಟ ನಡೆಯುವುದಕ್ಕೂ ಅದೇ ಸಿಪಿಯು ಬೇಕು. ಒಂದೇ ಒಲೆಯ ಮೇಲೆ ಎರಡು ಪಾತ್ರೆ ಇಟ್ಟ ಹಾಗೆ, ಚಿತ್ರ ಚೆನ್ನಾಗಿರಲಿ ಎಂದರೆ ಆಟ ತಡವರಿಸುತ್ತಿತ್ತು, ಆಟ ಸಲೀಸಾಗಿರಲಿ ಎಂದರೆ ಚಿತ್ರ ಕೆಡುತ್ತಿತ್ತು. ಎರಡನೆಯ ಕಂಪ್ಯೂಟರ್ ಹುಟ್ಟಿಕೊಂಡಿದ್ದು ಈ ಇಕ್ಕಟ್ಟಿನಿಂದ.

ಇದಕ್ಕೆ ಪರಿಹಾರ ಚಿಪ್‌ನೊಳಗೇ ಬಂತು. ವಿಡಿಯೊ ಕುಗ್ಗಿಸುವುದನ್ನು ಬಿಟ್ಟು ಬೇರೇನೂ ಮಾಡದ ಪುಟ್ಟ ಸರ್ಕ್ಯೂಟನ್ನು ತಯಾರಕರು ಅಳವಡಿಸತೊಡಗಿದರು. ಇದೇ ಹಾರ್ಡ್‌ವೇರ್ ಎನ್‌ಕೋಡರ್. 2011ರಲ್ಲಿ ಇಂಟೆಲ್ ತನ್ನ ಸ್ಯಾಂಡಿ ಬ್ರಿಡ್ಜ್ ಸಿಪಿಯುಗಳಲ್ಲಿ ‘ಕ್ವಿಕ್ ಸಿಂಕ್’ ತಂದಿತು. 2012ರಲ್ಲಿ ಎನ್‌ವಿಡಿಯಾ ತನ್ನ ಜಿಟಿಎಕ್ಸ್ 600 ಸರಣಿಯ ಗ್ರಾಫಿಕ್ಸ್ ಕಾರ್ಡುಗಳಲ್ಲಿ ‘ಎನ್‌ವೆಂಕ್’ ಕೊಟ್ಟಿತು. ಎಎಂಡಿಯೂ ಅದೇ ದಾರಿ ಹಿಡಿಯಿತು. ಮೊದಮೊದಲು ಇವುಗಳ ಚಿತ್ರ ಅಷ್ಟಕ್ಕಷ್ಟೇ. ಹುಲ್ಲು, ಹೊಗೆ, ಮಳೆ ಬಂದ ಕೂಡಲೇ ಚೌಕಚೌಕವಾಗಿ ಒಡೆದು ಕಾಣುತ್ತಿತ್ತು. 2018ರ ಟ್ಯೂರಿಂಗ್ ಪೀಳಿಗೆಯ ಎನ್‌ವೆಂಕ್‌ನೊಂದಿಗೆ ಆ ದೂರು ಬಹುಮಟ್ಟಿಗೆ ನೀಗಿತು. ಪ್ರಸಾರಕ್ಕೆ ಬಳಸುವ ಬಿಟ್‌ರೇಟಿನಲ್ಲಿ ಅದರ ಚಿತ್ರ, ಆಟದ ಜೊತೆಜೊತೆಗೆ ಸಿಪಿಯು ಕೊಡಬಲ್ಲ ಚಿತ್ರಕ್ಕಿಂತ ಕಡಿಮೆಯೇನಲ್ಲ.

ಹಾಗಿದ್ದರೆ ಒಂದು ಕಂಪ್ಯೂಟರ್ ಸಾಕಲ್ಲವೇ? ಸಾಕು. ಆದರೂ ಇಲ್ಲೇ ಅನೇಕರು ಎಡವುತ್ತಾರೆ. ಆಡುವವರ ಪರದೆಯಲ್ಲಿ ಆಟ ನೀರಿನಂತೆ ಹರಿಯುತ್ತಿರುತ್ತದೆ, ನೋಡುವವರು ಮಾತ್ರ ‘ಚಿತ್ರ ಜಗ್ಗುತ್ತಿದೆ’ ಎನ್ನುತ್ತಾರೆ. ತಪ್ಪು ಎನ್‌ಕೋಡರಿನದೆಂದೋ ಇಂಟರ್ನೆಟ್ಟಿನದೆಂದೋ ತಿಳಿಯುವುದುಂಟು. ಹಲವು ಸಲ ಎರಡರದೂ ಅಲ್ಲ.

ಎನ್‌ಕೋಡರ್ ಪ್ರತ್ಯೇಕವಾಗಿದೆ ನಿಜ, ಅದರ ಹಿಂದಿನ ಹೆಜ್ಜೆ ಪ್ರತ್ಯೇಕವಾಗಿಲ್ಲ. ಒಬಿಎಸ್ ಸ್ಟುಡಿಯೊದಂಥ ತಂತ್ರಾಂಶ ಆಟದ ಚಿತ್ರ, ನಿಮ್ಮ ಮುಖದ ಕ್ಯಾಮೆರಾ, ಮೇಲಿನ ಬರಹ ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರವಾಗಿಸಿದ ಮೇಲೆ ಅದು ಎನ್‌ಕೋಡರಿಗೆ ಹೋಗುತ್ತದೆ. ಈ ಜೋಡಣೆ ನಡೆಯುವುದು ಆಟವನ್ನು ಬಿಡಿಸುತ್ತಿರುವ ಅದೇ ಗ್ರಾಫಿಕ್ಸ್ ಭಾಗದಲ್ಲಿ. ಆಟವೇ ಅದನ್ನು ಪೂರ್ತಿ ಹಿಡಿದುಕೊಂಡಿದ್ದರೆ ಒಬಿಎಸ್‌ಗೆ ಸರದಿ ಸಿಗುವುದಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಪುಟ ತೆರೆದರೆ `3D` ಮತ್ತು `Video Encode` ಎಂಬ ಎರಡು ಬೇರೆ ಗ್ರಾಫ್‌ಗಳು ಸಿಗುತ್ತವೆ. ಮೊದಲನೆಯದು ನೆತ್ತಿ ಮುಟ್ಟಿ, ಎರಡನೆಯದರಲ್ಲಿ ಬೇಕಾದಷ್ಟು ಜಾಗ ಉಳಿದಿದ್ದರೆ ತೊಡಕು ಇದೇ.

ಒಂದು ಉದಾಹರಣೆ ನೋಡೋಣ. ಆರು ಕೋರ್‌ಗಳ ಸಿಪಿಯು, ಜಿಟಿಎಕ್ಸ್ 1660 ಸೂಪರ್ ಕಾರ್ಡ್, 144 ಹರ್ಟ್ಸ್ ಮಾನಿಟರ್ ಇರುವ ಕಂಪ್ಯೂಟರ್ ಎಂದುಕೊಳ್ಳಿ. ಆಟಕ್ಕೆ ಲಗಾಮಿಲ್ಲ, ಸೆಕೆಂಡಿಗೆ 130 ಚಿತ್ರಗಳ ಆಸುಪಾಸಿನಲ್ಲಿ ಓಡುತ್ತಿದೆ, ಜಿಪಿಯು 99 ಶೇಕಡಾದಲ್ಲಿದೆ. ಹತ್ತು ನಿಮಿಷದಲ್ಲಿ ಒಬಿಎಸ್ 36,000 ಚಿತ್ರಗಳನ್ನು ಜೋಡಿಸಬೇಕು. ಅದರಲ್ಲಿ 2,900 ತಪ್ಪಿದರೆ ನಷ್ಟ 8 ಶೇಕಡಾ, ನೋಡುಗರ ಕಣ್ಣಿಗೆ ಅದು ಸ್ಪಷ್ಟವಾಗಿ ಬೀಳುತ್ತದೆ. ಈಗ ಆಟದ ಸೆಟ್ಟಿಂಗಿನಲ್ಲಿ ಫ್ರೇಮ್ ಮಿತಿಯನ್ನು 110ಕ್ಕೆ ಇಳಿಸಿ, ಸಾಲದಿದ್ದರೆ ಇನ್ನೂ ಹತ್ತು ಇಳಿಸಿ. `3D` ಗ್ರಾಫ್ 85 ಶೇಕಡಾದ ಹತ್ತಿರ ಬಂದಾಗ ತಪ್ಪುವ ಚಿತ್ರಗಳ ಎಣಿಕೆ ನಿಂತುಬಿಡುತ್ತದೆ. ಒಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ವಿಂಡೋಸ್ ಅದಕ್ಕೆ ಜಿಪಿಯುವಿನಲ್ಲಿ ಆದ್ಯತೆ ಕೊಡುತ್ತದೆ, ಅದೂ ನೆರವಾಗುತ್ತದೆ. ಇಷ್ಟಕ್ಕೆ ಕಳೆದುಕೊಂಡದ್ದು ಸೆಕೆಂಡಿಗೆ ಇಪ್ಪತ್ತು ಮೂವತ್ತು ಫ್ರೇಮ್, ಉಳಿದದ್ದು ಇನ್ನೊಂದು ಕಂಪ್ಯೂಟರಿನ ಬೆಲೆ.

ತಪ್ಪು ಎಲ್ಲಿದೆ ಎಂದು ಊಹಿಸಬೇಕಾಗಿಲ್ಲ. ಒಬಿಎಸ್‌ನ `Stats` ಕಿಟಕಿಯೇ ಬಿಡಿಸಿ ಹೇಳುತ್ತದೆ. `Frames missed due to rendering lag` ಏರುತ್ತಿದ್ದರೆ ಮೇಲೆ ಹೇಳಿದ ಜಿಪಿಯು ಇಕ್ಕಟ್ಟು. `Skipped frames due to encoding lag` ಏರುತ್ತಿದ್ದರೆ ಎನ್‌ಕೋಡರಿಗೆ ತೂಗದ ಹೊರೆ ಬಿದ್ದಿದೆ; ಬಹಳ ಸಲ ಸೆಟ್ಟಿಂಗಿನಲ್ಲಿ ಇನ್ನೂ `x264` ಉಳಿದುಕೊಂಡಿರುತ್ತದೆ, ಅದನ್ನು ಹಾರ್ಡ್‌ವೇರ್ ಎನ್‌ಕೋಡರಿಗೆ ಬದಲಾಯಿಸಿದರೆ ಮುಗಿಯಿತು. `Dropped Frames (Network)` ಏರುತ್ತಿದ್ದರೆ ಮಾತ್ರ ದೋಷ ಇಂಟರ್ನೆಟ್ಟಿನದು. 6,000 ಕೆಬಿಪಿಎಸ್ ಕಳಿಸುವವರಿಗೆ 8ರಿಂದ 10 ಎಂಬಿಪಿಎಸ್ ಅಪ್‌ಲೋಡ್ ವೇಗ ಸದಾ ಸಿಗುತ್ತಿರಬೇಕು. ಡೌನ್‌ಲೋಡ್ ವೇಗ ಎಷ್ಟಿದ್ದರೂ ಇದಕ್ಕೆ ಉಪಯೋಗವಿಲ್ಲ.

ಪ್ರಸಾರ ಬೇಡ, ರೆಕಾರ್ಡ್ ಮಾಡಿದರೆ ಸಾಕು ಎನ್ನುವವರಿಗೆ ಕೆಲಸ ಇನ್ನೂ ಸುಲಭ. ಅಪ್‌ಲೋಡ್ ಮಿತಿಯೇ ಇಲ್ಲದ್ದರಿಂದ ಬಿಟ್‌ರೇಟ್ ಧಾರಾಳವಾಗಿ ಇಡಬಹುದು, ಚಿತ್ರ ಇನ್ನಷ್ಟು ತಿಳಿಯಾಗುತ್ತದೆ. 6,000 ಕೆಬಿಪಿಎಸ್‌ಗೆ ಗಂಟೆಗೆ 2.7 ಜಿಬಿ ಜಾಗ ಬೇಕು. ಬಿಟ್‌ರೇಟ್ ನಾಲ್ಕು ಪಟ್ಟಾದರೆ ಜಾಗವೂ ನಾಲ್ಕು ಪಟ್ಟು. ಫೈಲನ್ನು ಎಂಕೆವಿ ರೂಪದಲ್ಲಿ ಉಳಿಸಿ. ನಡುವೆ ಕರೆಂಟು ಹೋದರೂ ಅಲ್ಲಿಯವರೆಗಿನ ಚಿತ್ರೀಕರಣ ಸಿಗುತ್ತದೆ. ಸಾಮಾನ್ಯ ಎಂಪಿ4 ಆದರೆ ಇಡೀ ಫೈಲ್ ತೆರೆಯದೆ ಹೋಗಬಹುದು.

ಕೊಳ್ಳುವ ಮುನ್ನ ಒಂದು ಎಚ್ಚರ ಬೇಕು. ಹೊಸ ಕಾರ್ಡ್ ಎಂದ ಮಾತ್ರಕ್ಕೆ ಎನ್‌ಕೋಡರ್ ಇರುತ್ತದೆಂದಲ್ಲ. ಎನ್‌ವಿಡಿಯಾದ ಜಿಟಿ 1030, ಎಎಂಡಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಕಾರ್ಡುಗಳಲ್ಲಿ ಅದು ಇಲ್ಲವೇ ಇಲ್ಲ. ಇಂಟೆಲ್ ಕೋರ್ ಸಿಪಿಯುವಿನ ಹೆಸರು `F` ಅಕ್ಷರದಿಂದ ಮುಗಿದರೆ, ಉದಾಹರಣೆಗೆ `i5-12400F`, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರದ ಕಾರಣ ಕ್ವಿಕ್ ಸಿಂಕ್ ಕೂಡ ಸಿಗದು. ಈ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸೇರಿದರೆ ಮತ್ತೆ ಆ ಹಳೆಯ ಒಂಟಿ ಒಲೆಯೇ ಗತಿ.

ಎರಡು ಕಂಪ್ಯೂಟರುಗಳಿಗೆ ಇಂದಿಗೂ ಕೆಲಸವಿದೆ. ಪಂದ್ಯಾವಳಿಗಳಲ್ಲಿ ಒಂದು ಫ್ರೇಮನ್ನೂ ಬಿಟ್ಟುಕೊಡಲಾಗದ ಆಟಗಾರರಿಗೆ, ಆಟ ಕೆಟ್ಟು ಕಂಪ್ಯೂಟರ್ ನಿಂತರೂ ಪ್ರಸಾರ ನಿಲ್ಲಬಾರದು ಎನ್ನುವವರಿಗೆ ಅದು ಬೇಕು. ಉಳಿದವರು ಹಣ ಹೊಂದಿಸುವ ಮೊದಲು ತಮ್ಮ ನೆಚ್ಚಿನ ಆಟವನ್ನು ಅರ್ಧ ಗಂಟೆ ರೆಕಾರ್ಡ್ ಮಾಡಿ, `Stats` ಕಿಟಕಿಯ ಮೊದಲ ಎರಡು ಎಣಿಕೆಗಳನ್ನು ನೋಡಲಿ. ಎರಡೂ ಸೊನ್ನೆಯ ಹತ್ತಿರವಿದ್ದರೆ, ಬೇಕಾದ ಕಂಪ್ಯೂಟರ್ ಈಗಾಗಲೇ ಮೇಜಿನ ಮೇಲಿದೆ.